ಮೂಸಾ(ಅ)ರ ಪ್ರಾರ್ಥನೆ ಮತ್ತು ನನ್ನ ಮಗಳ ಸೆಮಿನಾರ್

ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳಿಗೆ ಮಂಗಳವಾರಗಳಂದು ಮಾತ್ರ ಹೊಟ್ಟೆನೋವು ಬರತೊಡಗಿತು. ಶಹಾಬಾದಿನ ವೈದ್ಯರಿಬ್ಬರಿಗೆ ತೋರಿಸಿದೆವು. ಪರೀಕ್ಷೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಶಾಲೆಯಲ್ಲಿ ಪ್ರತಿ ಮಂಗಳವಾರ ಇಬ್ಬರು ಮಕ್ಕಳು ವಿಜ್ಞಾನದ ಒಂದು ವಿಷಯವನ್ನು ತರಗತಿಯ ಮುಂದೆ ನಿಂತು ವಿವರಿಸಬೇಕು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅವಳ ಸರದಿ ಎರಡು ಬಾರಿ ಬಂದು ಹೋಗಿತ್ತು. ಎರಡೂ ದಿನ ಅವಳು ಮನೆಯಲ್ಲೇ ಇದ್ದಳು.

"ಅಬ್ಬಾ, ನನಗೆ ಪಾಠವೆಲ್ಲ ಬರುತ್ತದೆ. ಆದರೆ ಎದ್ದು ನಿಂತರೆ ಎದೆ ಬಿಗಿಯುತ್ತದೆ, ನಾಲಗೆ ಒಣಗುತ್ತದೆ. ನನ್ನ ಕನ್ನಡ ಕೇಳಿ ಎಲ್ಲರೂ ನಗುತ್ತಾರೆ," ಎಂದಳು.

ಎದೆ ಬಿಗಿಯುವುದು, ನಾಲಗೆ ಹೊರಳದಿರುವುದು. ಈ ಮಾತುಗಳನ್ನು ನಾನು ಹಿಂದೆಯೂ ಓದಿದ್ದೆ. ಫಿರ್‌ಔನನ ಆಸ್ಥಾನಕ್ಕೆ ಹೋಗಬೇಕೆಂಬ ಆದೇಶ ಬಂದಾಗ ಪ್ರವಾದಿ ಮೂಸಾ(ಅ) ಅಲ್ಲಾಹನ ಮುಂದೆ ಹೇಳಿಕೊಂಡ ಸಂಕಟವೂ ಇದೇ ಆಗಿತ್ತೆಂದು ಸೂರಃ ಅಶ್ಶುಅರಾ ತಿಳಿಸುತ್ತದೆ. ಸೂರಃ ತ್ವಾಹಾದಲ್ಲಿ ಅವರು ಎದೆಯನ್ನು ವಿಶಾಲಗೊಳಿಸುವಂತೆ, ನಾಲಗೆಯ ಗಂಟನ್ನು ಬಿಡಿಸುವಂತೆ ಬೇಡಿಕೊಂಡರು, ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೇಳಿದರು. ಅಲ್ಲಾಹನು ಆ ಬೇಡಿಕೆಯನ್ನು ಈಡೇರಿಸಿದನು. ಆದರೆ ಹೋಗುವ ಕರ್ತವ್ಯದಿಂದ ಅವರನ್ನು ಬಿಡುಗಡೆ ಮಾಡಲಿಲ್ಲ. ಮಗಳ ವಿಷಯದಲ್ಲಿ ನನಗೆ ದಾರಿ ತೋರಿದ್ದು ಇದೇ: ಭಯವನ್ನು ಒಪ್ಪಿಕೊಳ್ಳಬೇಕು, ನೆರವು ಕೊಡಬೇಕು, ಆದರೆ ತಪ್ಪಿಸಿಕೊಳ್ಳುವ ಬಾಗಿಲನ್ನು ತೆರೆದಿಡಬಾರದು.

ಏಕೆಂದರೆ ಈ ಭಯವನ್ನು ಬೆಳೆಸುವುದೇ ಆ ಬಾಗಿಲು. ಶಾಲೆ ತಪ್ಪಿದ ಕೂಡಲೇ ಅವಳ ಹೊಟ್ಟೆನೋವು ಇಳಿಯುತ್ತಿತ್ತು. ತಪ್ಪಿಸಿಕೊಂಡದ್ದರಿಂದಲೇ ಉಳಿದೆ ಎಂದು ಮನಸ್ಸು ಕಲಿಯುತ್ತಿತ್ತು. ಮುಂದಿನ ಸರದಿಗೆ ಭಯ ಇಮ್ಮಡಿಯಾಗುತ್ತಿತ್ತು. ನಿಂತು ಸಹಿಸಿದರೆ ಎದೆಬಡಿತ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ತಿಳಿಯುವ ಅವಕಾಶವೇ ಅವಳಿಗೆ ಸಿಕ್ಕಿರಲಿಲ್ಲ.

ನಾವು ಹಿರಿಯರೂ ಇದಕ್ಕೆ ನೀರೆರೆದಿದ್ದೆವು. ಚಿಂಚೋಳಿಯಲ್ಲಿರುವ ಅವಳ ನಾನಿ, "ಹುಡುಗಿ ಹಯಾ ಉಳ್ಳವಳು, ಮಾತೇ ಆಡುವುದಿಲ್ಲ" ಎಂದು ಬಂಧುಗಳ ಮುಂದೆ ಹೊಗಳುತ್ತಿದ್ದರು. ಲಜ್ಜೆ ಈಮಾನಿನ ಭಾಗವೆಂಬುದು ನಿಜ. ಆದರೆ ಲಜ್ಜೆ ನಮ್ಮನ್ನು ಕೆಡುಕಿನಿಂದ ತಡೆಯುತ್ತದೆ, ಈ ಭಯವು ಒಳಿತಿನಿಂದಲೇ ತಡೆಯುತ್ತದೆ. ಧರ್ಮವನ್ನು ಕಲಿಯಲು ಲಜ್ಜೆ ಅಡ್ಡಿಯಾಗದ ಅನ್ಸಾರ್ ಮಹಿಳೆಯರನ್ನು ಹಜ್ರತ್ ಆಯಿಶಾ(ರ) ಹೊಗಳಿದ್ದನ್ನು ನಾವು ಮರೆತಿದ್ದೆವು.

ನನ್ನ ಮೊದಲ ಪ್ರಯತ್ನ ದೊಡ್ಡ ತಪ್ಪಾಯಿತು. ಧೈರ್ಯ ಬರಲೆಂದು ಚಿತ್ತಾಪುರದ ಸಂಬಂಧಿಕರು ಏರ್ಪಡಿಸಿದ್ದ ಸೀರತ್ ಕಾರ್ಯಕ್ರಮದಲ್ಲಿ ಅವಳನ್ನು ನೇರವಾಗಿ ಮೈಕಿನ ಮುಂದೆ ನಿಲ್ಲಿಸಿದೆ. ಎರಡು ವಾಕ್ಯ ಹೇಳಿ ಅವಳು ಮೂಕಳಾದಳು, ಅಳುತ್ತಾ ಕೆಳಗಿಳಿದಳು. ಈಜು ಬಾರದವರನ್ನು ಕಾಗಿಣಾ ನದಿಗೆ ತಳ್ಳಿದಂತಾಗಿತ್ತು. ಭಯದ ತುತ್ತತುದಿಯಲ್ಲಿ ಓಡಿಹೋದ ಅನುಭವವು ಭಯವನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಆ ಬಳಿಕ ಮನೋಚಿಕಿತ್ಸಕರು ಅನುಸರಿಸುವ ಮೆಟ್ಟಿಲಿನ ಕ್ರಮವನ್ನು ಹಿಡಿದೆವು. ಸಂದರ್ಭಗಳನ್ನು ಅವಳೇ ಬರೆದು, ಸೊನ್ನೆಯಿಂದ ಹತ್ತರೊಳಗೆ ಭಯಕ್ಕೆ ಅಂಕ ಕೊಟ್ಟಳು. ವಿಷಯವನ್ನು ಅವಳೇ ಆರಿಸಿಕೊಂಡಳು: ನಮ್ಮೂರಿನ ಸುಣ್ಣದಕಲ್ಲು ಸಿಮೆಂಟಾಗುವ ಬಗೆ.

1. ಕೋಣೆಯಲ್ಲಿ ಒಬ್ಬಳೇ ನಿಂತು ಎರಡು ನಿಮಿಷ ಗಟ್ಟಿಯಾಗಿ ಹೇಳುವುದು. ಅಂಕ 2.
2. ಅಮ್ಮಿ ಮತ್ತು ತಮ್ಮನ ಮುಂದೆ ಹೇಳುವುದು. ಅಂಕ 3.
3. ವಾಡಿಯ ಖಾಲಾರ ಮನೆಯಲ್ಲಿ ನಾಲ್ವರು ಮಕ್ಕಳ ಮುಖ ನೋಡುತ್ತಾ ಹೇಳುವುದು. ಅಂಕ 4.
4. ತರಗತಿಯಲ್ಲಿ ಕುಳಿತಲ್ಲಿಂದಲೇ ಶಿಕ್ಷಕಿಗೆ ಒಂದು ಪ್ರಶ್ನೆ ಕೇಳುವುದು. ಅಂಕ 5.
5. ಬಿಡುವಿನ ವೇಳೆ ಖಾಲಿ ತರಗತಿಯಲ್ಲಿ ಶಿಕ್ಷಕಿ ಮತ್ತು ಒಬ್ಬ ಗೆಳತಿಯ ಮುಂದೆ ಹೇಳುವುದು. ಅಂಕ 6.
6. ಇಡೀ ತರಗತಿಯ ಮುಂದೆ, ಗೆಳತಿ ಪಕ್ಕದಲ್ಲಿ ನಿಂತಿರಲು, ಒಂದು ನಿಮಿಷ ಮಾತಾಡುವುದು. ಅಂಕ 8.
7. ಒಬ್ಬಳೇ ನಿಂತು ಮೂರು ನಿಮಿಷ ಮಾತಾಡುವುದು. ಅಂಕ 9.

ನಿಯಮ ಸರಳವಾಗಿತ್ತು. ಒಂದು ಮೆಟ್ಟಿಲಿನ ಭಯ ಅರ್ಧಕ್ಕೆ ಇಳಿಯುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡಬೇಕು. ನಡುವೆ ಅಂತರ ಬಿಡದೆ ವಾರಕ್ಕೆ ಮೂರ್ನಾಲ್ಕು ಬಾರಿಯಾದರೂ ಅಭ್ಯಾಸವಾಗಬೇಕು. ಸೋತರೆ ಒಂದು ಮೆಟ್ಟಿಲು ಇಳಿಯಬಹುದು, ಬಿಟ್ಟುಬಿಡುವಂತಿಲ್ಲ. ಮೂರನೆಯದರಿಂದ ನಾಲ್ಕನೆಯದಕ್ಕೆ ಏರಲು ಅವಳಿಗೆ ಎರಡು ವಾರ ಬೇಕಾಯಿತು.

ಪ್ರತಿ ಬಾರಿ ಮಾತಿಗೆ ಮುನ್ನ ಏನಾಗಬಹುದೆಂಬ ತನ್ನ ಊಹೆಯನ್ನೂ ಬಳಿಕ ಆದದ್ದನ್ನೂ ಅವಳು ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದಳು. "ಎಲ್ಲರೂ ನಗುತ್ತಾರೆ" ಎಂಬ ಊಹೆಯ ಮುಂದೆ "ತಮ್ಮ ಒಬ್ಬ ನಕ್ಕ, ಉಳಿದವರು ಕೇಳಿದರು" ಎಂದು ಬರೆದಿದ್ದಳು. ನನ್ನ ಎಷ್ಟೋ ಉಪದೇಶಗಳಿಗಿಂತ ಆ ಪುಟಗಳೇ ಹೆಚ್ಚು ಕೆಲಸ ಮಾಡಿದವು.

ಆದರೆ ಐದನೆಯ ಮೆಟ್ಟಿಲಿನಲ್ಲಿ ಪ್ರಗತಿ ನಿಂತುಹೋಯಿತು. ಹಲವು ಬಾರಿ ಮಾಡಿದರೂ ಅಂಕ ಆರರಿಂದ ಇಳಿಯಲಿಲ್ಲ. ಗಮನಿಸಿದಾಗ ಕಾರಣ ತಿಳಿಯಿತು. ಅವಳು ಹಾಳೆಯಿಂದ ಕಣ್ಣೆತ್ತದೆ, ಉಸಿರು ಬಿಡದೆ ಓದಿ ಮುಗಿಸುತ್ತಿದ್ದಳು. ಅದೂ ತಪ್ಪಿಸಿಕೊಳ್ಳುವ ಒಂದು ಬಗೆಯೇ. ಹಾಳೆ ತನ್ನನ್ನು ಉಳಿಸಿತೆಂದು ಮನಸ್ಸು ನಂಬುತ್ತದೆ. ಹಾಳೆಯ ಬದಲು ನಾಲ್ಕೇ ಪದಗಳ ಚೀಟಿ ಕೊಟ್ಟೆವು: ಕಲ್ಲು, ಪುಡಿ, ಕುಲುಮೆ, ಕ್ಲಿಂಕರ್. ತನ್ನ ಎದೆಬಡಿತವನ್ನು ಎಣಿಸುವ ಬದಲು ಎದುರಿನ ಇಬ್ಬರ ಮುಖದ ಮೇಲೆ ಗಮನವಿಡಲು ಹೇಳಿದೆವು. ಕನ್ನಡದ ಭಯಕ್ಕೆಂದು ಇನ್ನೊಂದು ಅಭ್ಯಾಸ ಸೇರಿಸಿದೆವು: ಬೇಕೆಂದೇ ಒಂದು ಪದವನ್ನು ತಪ್ಪಾಗಿ ಹೇಳಿ, ಶಾಂತವಾಗಿ ತಿದ್ದಿಕೊಂಡು ಮುಂದುವರಿಯುವುದು. ಮಕ್ತಬಿನಲ್ಲಿ ಕಿರಾಅತ್ ಮಾಡಲು ಅವಳೆಂದೂ ಅಂಜಿದವಳಲ್ಲ. ಅಲ್ಲಿನ ಪದಗಳು ಮೊದಲೇ ನಿಶ್ಚಿತ. ಮನೆಮಾತು ಉರ್ದುವಾದ ಅವಳಿಗೆ ತನ್ನದೇ ಪದಗಳನ್ನು ಕನ್ನಡದಲ್ಲಿ ಹುಡುಕುವುದೇ ಭಯವಾಗಿತ್ತು. ತಪ್ಪಾದರೂ ಮಾತು ಸಾಗುತ್ತದೆಂದು ಕಂಡಾಗ ಅಂಕ ಮೂರಕ್ಕಿಳಿಯಿತು.

ದುಆದ ವಿಷಯದಲ್ಲೂ ಒಂದು ಸೂಕ್ಷ್ಮವಿತ್ತು. ತನ್ನ ಸರದಿ ಕಾಯುತ್ತಾ ಅವಳು ಮೂಸಾ(ಅ)ರ ದುಆವನ್ನು ನಲವತ್ತು, ಐವತ್ತು ಬಾರಿ ಪಠಿಸುತ್ತಿದ್ದಳು. ಎಣಿಕೆ ತಪ್ಪಿದರೆ ಕಂಗಾಲಾಗುತ್ತಿದ್ದಳು. ನಮ್ಮ ಮೌಲವಿ ಸಾಹೇಬರು, "ಬೇಟಿ, ಒಮ್ಮೆ ಮನಸಾರೆ ಬೇಡಿಕೋ, ಆಮೇಲೆ ಎದ್ದು ನಿಲ್ಲು. ಮೂಸಾ(ಅ) ಬೇಡಿದರು, ಮತ್ತು ಹೊರಟರು," ಎಂದರು. ದುಆ ಭಯದಿಂದ ಅಡಗುವ ಮೂಲೆಯಾಗದೆ ಹೆಜ್ಜೆಯ ಆರಂಭವಾಯಿತು.

ಒಂಬತ್ತನೆಯ ವಾರದಲ್ಲಿ ಅವಳು ಗೆಳತಿಯೊಂದಿಗೆ ನಿಂತಳು. ಮುಂದಿನ ವಾರ ಗೆಳತಿ ಬೆಂಚಿಗೆ ಮರಳಿದಳು, ಮಗಳು ಒಬ್ಬಳೇ ನಿಂತಳು. ಧ್ವನಿ ನಡುಗಿತಂತೆ, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರಂತೆ. ಆದರೂ ಮೂರು ನಿಮಿಷ ಮುಗಿಸಿದಳು. ಈಗಲೂ ಸರದಿಯ ಹಿಂದಿನ ರಾತ್ರಿ ಅವಳಿಗೆ ನಿದ್ದೆ ಕಡಿಮೆ. ಆದರೆ ಮಂಗಳವಾರ ಶಾಲೆ ತಪ್ಪಿಸುವುದಿಲ್ಲ.

ಎಲ್ಲ ಮಕ್ಕಳಿಗೂ ಮನೆಯ ಅಭ್ಯಾಸವೇ ಸಾಲದು. ಭಯ ಆರು ತಿಂಗಳು ಮೀರಿ ಮುಂದುವರಿದರೆ, ಮಗು ಶಾಲೆಯನ್ನೇ ಬಿಡತೊಡಗಿದರೆ, ಊಟ, ಗೆಳೆತನಗಳಿಂದಲೂ ದೂರ ಸರಿದರೆ ಅಥವಾ ಬದುಕೇ ಬೇಡವೆಂದರೆ ತಡಮಾಡಬಾರದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿದೆ, ಕನ್ನಡದಲ್ಲೂ ಮಾತಾಡಬಹುದು. ಉಗ್ಗು ಇರುವ ಮಗುವಿಗೆ ವಾಕ್ ಚಿಕಿತ್ಸಕರ ನೆರವು ಬೇರೆಯೇ ಬೇಕು.

ಸೇಡಂನ ಗೆಳೆಯರೊಬ್ಬರು ಮೊನ್ನೆ ತಮ್ಮ ಮಗನನ್ನು ಕುರಿತು, "ಸೆಮಿನಾರ್ ದಿನ ಜ್ವರ ಎನ್ನುತ್ತಾನೆ, ಸುಳ್ಳುಗಾರ," ಎಂದರು. ಅವನ ಜ್ವರ ಸುಳ್ಳಲ್ಲ ಎಂದೆ. ಮೊದಲು ಅವನಿಂದ ಒಂದು ಪಟ್ಟಿ ಬರೆಸಿ, ಅಂಕ 2ರಿಂದ ಆರಂಭಿಸಿ ಎಂದು ಹೇಳಿದೆ. ನಮ್ಮ ಮಕ್ಕಳ ಎದೆಯನ್ನು ಅಲ್ಲಾಹನು ವಿಶಾಲಗೊಳಿಸಲಿ, ಅವರ ಪಕ್ಕದಲ್ಲಿ ಹಾರೂನ್(ಅ)ರಂತೆ ನಿಲ್ಲುವ ತಾಳ್ಮೆಯನ್ನು ನಮಗೆ ದಯಪಾಲಿಸಲಿ. ಆಮೀನ್.