ಅಂದೇ ಸಂಜೆ ಬರೆದ ಉತ್ತರ

ಕಾರಣ ಕೇಳುವ ನೋಟಿಸಿಗೆ ಉತ್ತರ ಕೊಡಲು ಏಳು ದಿನ ಕಾಲಾವಕಾಶವಿತ್ತು. ನಾನು ಅಂದೇ ಸಂಜೆ ಬರೆದುಕೊಟ್ಟೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ದೃಢೀಕೃತ ನಕಲು ಬೇಗ ಕೊಡಲು ಅರ್ಜಿದಾರರೊಬ್ಬರಿಂದ ದುಡ್ಡು ತೆಗೆದುಕೊಂಡೆ ಎಂಬುದು ಆರೋಪ. ದೂರು ಕೊಟ್ಟವರು ಪಕ್ಕದ ಮೇಜಿನವರೇ. ಓದುತ್ತಿದ್ದಂತೆ ಕೈ ನಡುಗಿತು. ದೂರಿನ ಪ್ರತಿ ಕೇಳಲಿಲ್ಲ, ಹಾಜರಿ ಪುಸ್ತಕ ತೆಗೆದು ನೋಡಲಿಲ್ಲ. ಆರೋಪದಲ್ಲಿ ಹೇಳಿದ ದಿನ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದದ್ದಷ್ಟೇ ನೆನಪಿತ್ತು. ‘ಅಂದು ನಾನು ರಜೆಯಲ್ಲಿದ್ದೆ’ ಎಂದು ಬರೆದುಬಿಟ್ಟೆ.

ನಿಜಕ್ಕೂ ನಾನು ಹಾಕಿದ್ದು ಮಧ್ಯಾಹ್ನದ ಅರ್ಧ ದಿನದ ರಜೆ. ಬೆಳಿಗ್ಗೆ ಆ ಅರ್ಜಿದಾರರಿಂದ ನಕಲು ಶುಲ್ಕ ಪಡೆದು ರಸೀದಿ ಹರಿದುಕೊಟ್ಟಿದ್ದೆ. ಪಕ್ಕದವರ ಕಣ್ಣಿಗೆ ಬಿದ್ದದ್ದು ನೋಟು, ರಸೀದಿಯಲ್ಲ. ಪುಸ್ತಕದಲ್ಲಿ ಉಳಿದ ಪ್ರತಿಯ ಮೇಲೆ ನನ್ನ ಸಹಿ, ಅದೇ ತಾರೀಖು. ನನ್ನನ್ನು ಉಳಿಸಬೇಕಿದ್ದ ಕಾಗದವೇ ನನ್ನ ಮಾತು ಸುಳ್ಳೆಂದು ಹೇಳಿತು. 1957ರ ಸಿಸಿಎ ನಿಯಮಗಳ 11ನೇ ನಿಯಮದಡಿ ದೋಷಾರೋಪಣ ಪಟ್ಟಿ ಬಂತು.

ಪಟ್ಟಿ ಬಂದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಊಟದ ಬಿಡುವಿನಲ್ಲಿ ದೂರು ಕೊಟ್ಟವರ ಮೇಜಿನ ಮುಂದೆ ನಿಂತು, “ಹನ್ನೊಂದು ವರ್ಷ ಒಟ್ಟಿಗೆ ಊಟ ಮಾಡಿದ್ದೀವಿ. ಒಂದು ಮಾತು ನನ್ನನ್ನೇ ಕೇಳಬಾರದಿತ್ತಾ ಸಾರ್?” ಎಂದೆ. ದನಿ ಏರಿತ್ತು. ಸಾಕ್ಷಿಯ ಮೇಲೆ ಒತ್ತಡ ತರುತ್ತಿದ್ದೇನೆ ಎಂದು ಅವರು ಮರುದಿನವೇ ಬರೆದುಕೊಟ್ಟರು. ನನ್ನ ಮಟ್ಟಿಗೆ ಅದು ನೋವಿನ ಮಾತು. ಆದರೆ ಅವರು ಪಟ್ಟಿಯಲ್ಲಿದ್ದ ಮೊದಲ ಸಾಕ್ಷಿ. ವಿಚಾರಣೆ ಮುಗಿಯುವವರೆಗೆ ಆ ಪ್ರಶ್ನೆಯನ್ನು ನಾನು ಅವರ ಮೇಜಿನ ಬಳಿ ಕೇಳುವಂತಿರಲಿಲ್ಲ.

ನನ್ನ ಪರ ನಿಂತ ಹಿರಿಯ ನೌಕರರೊಬ್ಬರು ಮೊದಲು ಮಾಡಿಸಿದ್ದು ತಿದ್ದುಪಡಿ ಹೇಳಿಕೆ: ರಜೆಯ ವಿಷಯದಲ್ಲಿ ತಪ್ಪಾಗಿ ಬರೆದಿದ್ದೇನೆ, ದಾಖಲೆ ಹೀಗಿದೆ ಎಂದು. ಆಮೇಲೆ ರಸೀದಿ ಪುಸ್ತಕ, ನಗದು ವಹಿ, ಹಾಜರಿ ಪುಸ್ತಕಗಳ ಪರಿಶೀಲನೆಗೆ ಲಿಖಿತ ಅರ್ಜಿ. ಜಾಗ ಬದಲಿಸಿಕೊಡಿ ಎಂದು ಕೇಳಿದೆ; ಬೇರೆ ಕೋಣೆ ಇರಲಿಲ್ಲ. ಅಂದಿನಿಂದ ಪಕ್ಕದ ಮೇಜಿನವರಿಗೆ ಹೋಗುವ ಪ್ರತಿ ಕಡತವನ್ನೂ ವಹಿಯಲ್ಲಿ ಬರೆದು, ಸಹಿ ಪಡೆದೇ ಕೊಟ್ಟೆ. ಕೆಲಸದ ಮಾತು ಬಿಟ್ಟರೆ ಬೇರೇನೂ ಆಡಲಿಲ್ಲ. ಅವರ ಕೆಮ್ಮು, ಫೋನಿನ ಸದ್ದು, ಬುತ್ತಿ ಬಿಚ್ಚಿದಾಗಿನ ಒಗ್ಗರಣೆಯ ವಾಸನೆ ಎಲ್ಲ ನಾಲ್ಕಡಿ ದೂರದಲ್ಲೇ. ಕೆಲವು ದಿನ ಊಟ ಸೇರುತ್ತಿರಲಿಲ್ಲ.

ಪಾಟೀ ಸವಾಲಿನಲ್ಲಿ ರಸೀದಿ ಪುಸ್ತಕ ಅವರ ಮುಂದಿಟ್ಟೆವು. ತುಂಬ ಹೊತ್ತು ನೋಡಿ, “ಇದು ನನಗೆ ಗೊತ್ತಿರಲಿಲ್ಲ” ಎಂದರು. ಆರೋಪ ಸಾಬೀತಾಗಿಲ್ಲವೆಂದು ವರದಿ ಬಂತು. ಮೊದಲ ಉತ್ತರದಲ್ಲಿ ನಾನು ತಪ್ಪು ಮಾಹಿತಿ ಕೊಟ್ಟೆನೆಂಬ ಒಂದು ಸಾಲೂ ಅದರಲ್ಲಿದೆ. ಆ ಸಾಲು ನಿಜ.

ಮರುದಿನ ಅವರು ಕಡತ ಕೇಳಿದರು. ನಾನು ವಹಿ ತೆರೆದೆ, ಅವರು ಸಹಿ ಹಾಕಿದರು.