ಅಪ್ಪನ ಎಂಬತ್ತಕ್ಕೆ ಗೋಧಿ ಹುಗ್ಗಿ

ಹೋದ ವರ್ಷ ಊರಿನಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನಾನು ಅಪ್ಪನ ಪಕ್ಕದಲ್ಲೇ ಕುಳಿತಿದ್ದೆ. ಬಡಿಸುವವರು ಬಿಸಿ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದು ಹೋದರು. ಅಪ್ಪ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಉಳಿದದ್ದನ್ನು ಮಡಚಿ, ಯಾರಿಗೂ ಕಾಣದ ಹಾಗೆ ಬಾಳೆ ಎಲೆಯ ಅಂಚಿನ ಕೆಳಗೆ ಸೇರಿಸಿದರು. ನಾನು ನೋಡಿದೆನೆಂದು ಅವರಿಗೆ ಗೊತ್ತಾಗಲಿಲ್ಲ. ಹಲ್ಲಿನ ಸೆಟ್ ಹಾಕಿಸಿಕೊಂಡು ಆಗ ಆರು ತಿಂಗಳಾಗಿತ್ತು.

ಈ ವರ್ಷ ಅವರಿಗೆ ಎಂಬತ್ತು ತುಂಬುತ್ತದೆ, ಪುಣೆಯಲ್ಲಿ ನಮ್ಮ ಮನೆಯಲ್ಲೇ ಮಾಡೋಣ ಎಂದಾಗ ಮೊದಲು ನೆನಪಾದದ್ದು ಆ ಎಲೆಯ ಅಂಚು. ಪಕ್ಕದ ಮನೆಯವರು ಸುದ್ದಿ ಕೇಳಿ, "ಸಹಸ್ರಚಂದ್ರದರ್ಶನ ಕಾ?" ಎಂದರು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ, ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ, ಸಾವಿರ ಹುಣ್ಣಿಮೆಗೆ ಎಂಬತ್ತು ವರ್ಷ ಹತ್ತು ತಿಂಗಳು ಬೇಕು, "ಇನ್ನೂ ಟೈಮ್ ಐತಿ" ಎಂದರು. ಹೀಗಾಗಿ ಇದು ಬರೀ ಹುಟ್ಟುಹಬ್ಬ ಎಂದು ತೀರ್ಮಾನವಾಯಿತು. ಎರಡು ಬೆಡ್‌ರೂಮಿನ ಮನೆ, ನಲವತ್ತೆರಡು ಜನ, ಅವರಲ್ಲಿ ಹನ್ನೆರಡು ಮಂದಿ ಎಪ್ಪತ್ತು ದಾಟಿದವರು.

"ಎಂಬತ್ತರ ಊಟಕ್ಕ ಹೋಳಿಗಿ ಇಲ್ಲಂದ್ರ ಮಂದಿ ಏನಂದಾರು?" ಎಂದು ಅವ್ವ ಆವತ್ತೇ ಶುರು ಮಾಡಿದರು. ಹೋಳಿಗೆಯ ಕಷ್ಟ ಹಲ್ಲಿನದೊಂದೇ ಅಲ್ಲ. ತಲೆಗೆ ಎರಡು ಎಂದರೂ ಎಂಬತ್ತು ಮೀರುತ್ತದೆ. ಬೆಳಿಗ್ಗೆಯೇ ಮಾಡಿಟ್ಟರೆ ಮಧ್ಯಾಹ್ನಕ್ಕೆ ಕಣಕ ಚರ್ಮದ ಹಾಗೆ ಎಳೆಯುತ್ತದೆ. ಬಿಸಿಬಿಸಿ ಬಡಿಸಬೇಕೆಂದರೆ ಊಟ ಮುಗಿಯುವವರೆಗೆ ಒಬ್ಬರು ಹಂಚಿನ ಮುಂದೆ ನಿಂತೇ ಇರಬೇಕು. ಆ ಒಬ್ಬರು ಯಾರೆಂದು ಎಲ್ಲರಿಗೂ ಗೊತ್ತಿತ್ತು: ಎಪ್ಪತ್ತನಾಲ್ಕರ ಅವ್ವ, ಗಂಡನ ಹುಟ್ಟುಹಬ್ಬದ ದಿನ ಅಡಿಗೆಮನೆಯಲ್ಲಿ. ಅಪ್ಪನನ್ನೇ ಕೇಳಿದೆ. "ನಂಗ ಎಲ್ಲಾರ ಜೋಡಿ ಕುಂತು ಉಣ್ಣೂದು ಬೇಕು. ಏನ್ ಮಾಡಿದ್ರೂ ನಡೀತೈತಿ" ಎಂದರು. ಸ್ವಲ್ಪ ತಡೆದು, "ಹುಗ್ಗಿ ತಿಂದು ಭಾಳ ದಿನಾತು" ಎಂದೂ ಸೇರಿಸಿದರು.

ಹುಗ್ಗಿ ಎಂದರೆ ನಮ್ಮ ಕಡೆಯ ಗೋಧಿ ಹುಗ್ಗಿ. ನೆನೆಸಿ ಬೇಯಿಸಿದ ಕುಟ್ಟಿದ ಗೋಧಿಗೆ ಬೆಲ್ಲ, ಕೊಬ್ಬರಿ, ಗಸಗಸೆ ಹಾಕಿ ಕುದಿಸಿದ್ದು. ಬಡಿಸುವಾಗ ಮೇಲೆ ತುಪ್ಪ, ಬೇಕಾದವರಿಗೆ ಬಿಸಿ ಹಾಲು. ಇದಕ್ಕೆ ರೊಟ್ಟಿ ಹಿಟ್ಟಿನ ಗೋಧಿ ನಡೆಯುವುದಿಲ್ಲ, ಮೇಲಿನ ಸಿಪ್ಪೆ ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಗುತ್ತದೆ. ನಾವು ಜವೆಗೋಧಿ ಎನ್ನುವುದನ್ನು ಇಲ್ಲಿ ಖಪಲಿ ಎನ್ನುತ್ತಾರೆ. ಕಿರಾಣಿ ಅಂಗಡಿಯಲ್ಲಿ "ಖೀರಿಗೆ ಬೇಕು" ಎಂದರೆ ಸಿಪ್ಪೆ ತೆಗೆದದ್ದನ್ನೇ ಕೊಡುತ್ತಾರೆ.

ಒಂದು ವಾರ ಮೊದಲೇ ಕಾಲು ಕೆಜಿ ಮಾಡಿ ನೋಡಿದೆ. ಮಾಡಿದ್ದು ಒಳ್ಳೆಯದಾಯಿತು, ಯಾಕೆಂದರೆ ಅದು ಕೆಟ್ಟಿತು. ಗೋಧಿ ಮೆತ್ತಗಾದ ಹಾಗೆ ಕಂಡಿತು, ಬೆಲ್ಲ ಹಾಕಿದೆ, ಮತ್ತೆ ಅರ್ಧ ಗಂಟೆ ಕುದಿಸಿದೆ. ಆದರೂ ಕಾಳು ರಬ್ಬರಿನಂತೆ ಉಳಿಯಿತು. ಅವ್ವ ಬಂದು ಒಂದು ಕಾಳನ್ನು ಬೆರಳ ನಡುವೆ ಒತ್ತಿ ತೋರಿಸಿದರು. ಸುತ್ತಲೂ ಮೆತ್ತಗಿದೆ, ನಡುವೆ ಬಿಳಿ ಚುಕ್ಕಿ. ಆ ಚುಕ್ಕಿ ಇದ್ದರೆ ಗೋಧಿ ಬೆಂದಿಲ್ಲ. ಬೆಲ್ಲ ಬಿದ್ದ ಮೇಲೆ ನೀರನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ, ಕಾಳಿನ ಒಳಗೆ ಹೋಗಲು ಬಿಡುವುದಿಲ್ಲ, ಹಾಗಾಗಿ ಆಮೇಲೆ ಎಷ್ಟು ಕುದಿಸಿದರೂ ಪ್ರಯೋಜನವಿಲ್ಲ. ಅಪ್ಪ ಆ ಹುಗ್ಗಿಯನ್ನೂ ತಿಂದರು, ಆದರೆ ಕಾಳೊಂದು ಹಲ್ಲಿನ ಸೆಟ್ಟಿನ ಕೆಳಗೆ ಸಿಕ್ಕಿ ಎದ್ದು ಹೋಗಿ ಬಾಯಿ ತೊಳೆದು ಬಂದರು. ಹೋಳಿಗೆಯ ಬದಲು ಹುಗ್ಗಿ ಎಂದುಕೊಂಡವನು ಅದನ್ನೂ ಅವರು ತಿನ್ನಲಾರದ ಹಾಗೆ ಮಾಡಿದ್ದೆ.

ಶನಿವಾರ ರಾತ್ರಿ ಒಂದು ಕೆಜಿ ಗೋಧಿ ನೆನೆಸಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಐದು ಲೀಟರಿನ ಕುಕ್ಕರಿನಲ್ಲಿ ಅರ್ಧರ್ಧ ಕೆಜಿಯಂತೆ ಎರಡು ಸಲ ಬೇಯಿಸಿದೆ. ಒಮ್ಮೆಲೇ ತುಂಬಿದರೆ ಕಾಳು ಅರಳಿ ಸೀಟಿಯ ಬಾಯಿ ಕಟ್ಟುತ್ತದೆ. ಏಳು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಬೆರಳಲ್ಲಿ ಒತ್ತಿದರೆ ಕಾಳು ಪೂರ್ತಿ ಚಪ್ಪಟೆಯಾಗಬೇಕು. ಒಂದನ್ನಲ್ಲ, ಬೇರೆ ಬೇರೆ ಕಡೆಯಿಂದ ಐದಾರು ಕಾಳು ತೆಗೆದು ನೋಡಿದೆ. ಸೌಟಿನ ಹಿಂಬದಿಯಿಂದ ಅರ್ಧದಷ್ಟನ್ನು ಮಸೆದೆ. ಇದು ಊರಿನ ಪದ್ಧತಿಯಲ್ಲ, ಹಲ್ಲಿಲ್ಲದವರಿಗಾಗಿ ನಾನು ಮಾಡಿಕೊಂಡದ್ದು. ಆಮೇಲೆ ಒಂದೂಕಾಲು ಕೆಜಿ ಬೆಲ್ಲವನ್ನು ಬೇರೆ ಕರಗಿಸಿ, ಸೋಸಿ ಹಾಕಿದೆ. ಹುರಿದು ಪುಡಿ ಮಾಡಿದ ಗಸಗಸೆ, ಒಣಕೊಬ್ಬರಿ ತುರಿ, ಏಲಕ್ಕಿ, ಜಾಜಿಕಾಯಿ, ಒಂದು ಚಿಟಿಕೆ ಉಪ್ಪು. ಗೋಡಂಬಿ ಹಾಕಲಿಲ್ಲ. ಅಕ್ಕ ಹುಬ್ಬಳ್ಳಿಯಿಂದ ಗೋಡಂಬಿ ತಂದಿದ್ದಳು, ಸ್ವಲ್ಪ ಬೇಜಾರಾದಳು.

ಹಾಲನ್ನು ಪಾತ್ರೆಗೆ ಸೇರಿಸಲಿಲ್ಲ. ಕುದಿಯುವ ಬೆಲ್ಲಕ್ಕೆ ಹಾಲು ಬಿದ್ದರೆ ಒಡೆಯುವ ಭಯ, ಹಾಲು ಬೆರೆತದ್ದು ಮಧ್ಯಾಹ್ನದ ತನಕ ಹೊರಗಿದ್ದರೆ ಹುಳಿಯಾಗುವ ಭಯ. ಒಲೆಯ ಮೇಲೆ ಬೇರೆ ಪಾತ್ರೆಯಲ್ಲಿ ಬಿಸಿ ಹಾಲು ಇಟ್ಟಿದ್ದೆವು. ಹುಗ್ಗಿ ಒಂಬತ್ತಕ್ಕೆ ಮುಗಿದಾಗ ಸೌಟಿನಿಂದ ಸಲೀಸಾಗಿ ಇಳಿಯುತ್ತಿತ್ತು, ಹನ್ನೆರಡಕ್ಕೆ ಮುಚ್ಚಳ ತೆಗೆದರೆ ಕಲ್ಲಿನ ಹಾಗೆ ಕೂತಿತ್ತು. ಗಾಬರಿ ಬೇಡ, ಗೋಧಿಯ ಸ್ವಭಾವವೇ ಅದು. ಪಾತ್ರೆಯ ಕೆಳಗೆ ಹಂಚಿಟ್ಟು, ಕುದಿ ನೀರನ್ನು ಒಂದೊಂದೇ ಲೋಟ ಹಾಕುತ್ತಾ ತಿರುವಿದರೆ ಮೊದಲಿನಂತಾಗುತ್ತದೆ. ತಣ್ಣೀರು ಹಾಕಿ ಜೋರು ಉರಿ ಕೊಟ್ಟರೆ ತಳ ಹತ್ತುತ್ತದೆ, ಹತ್ತಿದ ವಾಸನೆ ಇಡೀ ಪಾತ್ರೆಗೆ ಬರುತ್ತದೆ.

ಉಳಿದ ಅಡಿಗೆಯನ್ನು ಹುಗ್ಗಿಯ ಸುತ್ತ ಹೊಂದಿಸಿದೆವು. ಎಣ್ಣೆಗಾಯಿಯನ್ನು ಅಕ್ಕ ಹಿಂದಿನ ರಾತ್ರಿಯೇ ಮಾಡಿಟ್ಟಳು, ಮರುದಿನಕ್ಕೆ ಅದರ ರುಚಿ ಹೆಚ್ಚುತ್ತದೆ. ಚಪಾತಿ ನಮ್ಮ ಬೀದಿಯಲ್ಲಿ ಪೋಳಿ ಮಾಡಿ ಮಾರುವ ಬಾಯಿಯ ಹತ್ತಿರ ಎಂಬತ್ತು ಹೇಳಿದ್ದೆವು. ಹೆಸರುಬೇಳೆ ಕೋಸಂಬರಿ, ಅನ್ನ, ಮೊಸರನ್ನ, ಸಂಡಿಗೆ. ಪಟ್ಟಿ ಇಷ್ಟಾದಾಗ ಅವ್ವ, "ಹೋಳಿಗಿ ಇಲ್ಲ ಅಂದ ಮ್ಯಾಲೆ ಕಟ್ಟಿನ ಸಾರು ಎಲ್ಲಿಂದ ಬರ್ತೈತಿ?" ಎಂದರು. ಮಾತು ಸರಿಯೇ. ಹೂರಣಕ್ಕೆ ಕಡ್ಲೆಬೇಳೆ ಬೇಯಿಸಿ ಬಸಿದ ನೀರೇ ಆ ಸಾರಿನ ಜೀವ. ಕೊನೆಗೆ ರಾಜಿಯಾಯಿತು. ಅರ್ಧ ಕೆಜಿ ಕಡ್ಲೆಬೇಳೆ ಧಾರಾಳ ನೀರಿನಲ್ಲಿ ಬೇಯಿಸಿದೆವು. ಕಟ್ಟು ಸಾರಿಗೆ, ಬೇಳೆ ಅವ್ವನಿಗೆ. ದೇವರ ಎಡೆಗೆಂದು ಅವರು ಬೆಳಿಗ್ಗೆಯೇ ಅಂಗೈಯಗಲದ ಹದಿನೈದು ಹೋಳಿಗೆ ಮಾಡಿ ಮುಗಿಸಿ, ಒಂಬತ್ತೂವರೆಗೆ ಸೀರೆ ಬದಲಾಯಿಸಲು ಹೋದರು.

ಬಡಿಸುವ ಕ್ರಮದ ಬಗ್ಗೆ ನಾವು ಹೆಚ್ಚು ಯೋಚಿಸಿದ್ದು ಅಪ್ಪನ ಎಪ್ಪತ್ತರ ಸಮಾರಂಭ ನೆನೆದು. ಅಂದು ಆರತಿ, ನಮಸ್ಕಾರ, ಫೋಟೊ ಎಂದು ಅವರನ್ನು ಕುರ್ಚಿಯಲ್ಲೇ ಕೂರಿಸಿ, ಬಂದವರೆಲ್ಲ ಉಂಡ ಮೇಲೆ ಮೂರೂವರೆಗೆ ಆರಿದ ಅನ್ನ ಹಾಕಿದ್ದೆವು. ಈಗ ಸಕ್ಕರೆ ಕಾಯಿಲೆಯ ಮಾತ್ರೆಯೂ ಸೇರಿದೆ, ಹನ್ನೆರಡೂವರೆ ಮೀರಿದರೆ ಕೈ ನಡುಗುತ್ತದೆ. ಹಾಗಾಗಿ ಹನ್ನೊಂದೂವರೆಗೆ ಆರತಿ, ಅದಾದ ಕೂಡಲೇ ಊಟ, ನಮಸ್ಕಾರ ಮತ್ತು ಉಡುಗೊರೆ ಎಲ್ಲ ಊಟದ ನಂತರ ಎಂದು ಫೋನಿನಲ್ಲೇ ಎಲ್ಲರಿಗೂ ಹೇಳಿದ್ದೆವು.

ಮೊದಲ ಪಂಕ್ತಿ ಆ ಹನ್ನೆರಡು ಹಿರಿಯರದು, ಅವ್ವ ಅಪ್ಪ ನಡುವೆ. ಬಾಳೆ ಎಲೆ ತರಲಿಲ್ಲ. ಕೆಳಗೆ ಕೂರಲು ಅವರಿಗೆ ಆಗದು, ನಮ್ಮ ಸಣ್ಣ ಬಾಡಿಗೆ ಮೇಜಿನ ಮೇಲೆ ಎಲೆ ಹಾಸಿದರೆ ಸಾರು ಹರಿದು ಮಡಿಲಿಗೆ ಬರುತ್ತದೆ. ಅಂಚಿರುವ ಸ್ಟೀಲ್ ತಟ್ಟೆ, ಸಾರಿಗೆ ಲೋಟ, ಹುಗ್ಗಿಗೆ ವಾಟಗ. ವಾಟಗಗಳನ್ನು ಅಡಿಗೆಮನೆಯಲ್ಲೇ ತುಂಬಿ ತಟ್ಟೆಯ ಜೊತೆ ಇಟ್ಟೆವು. ಬಡಿಸಲು ಅಕ್ಕನ ಮಗ ಮತ್ತು ಪಕ್ಕದ ಮನೆಯ ಹುಡುಗ ಇಬ್ಬರೇ, ಒಬ್ಬನ ಕೈಯಲ್ಲಿ ತುಪ್ಪ, ಇನ್ನೊಬ್ಬನ ಕೈಯಲ್ಲಿ ಹಾಲು. ತುಂಬಿಟ್ಟ ಹುಗ್ಗಿಯ ಮೇಲೆ ಹತ್ತು ನಿಮಿಷಕ್ಕೇ ಕೆನೆಯಂತೆ ಪದರ ಕಟ್ಟಿತ್ತು, ಬಿಸಿ ತುಪ್ಪ ಬಿದ್ದದ್ದೇ ಕರಗಿತು. ಮಾತ್ರ, ಚಮಚಗಳನ್ನೇ ಮರೆತಿದ್ದೆ. ಮನೆಯಲ್ಲಿ ಇದ್ದದ್ದು ಎಂಟು. ಹೆಂಡತಿ ಓಡಿಹೋಗಿ ಮೂರು ಮನೆಯಿಂದ ತಂದಳು.

ಉಳಿದವರಿಗೆ ಗೋಡೆಗುಂಟ ಉದ್ದ ಮೇಜು. ಮೊದಲು ಹುಗ್ಗಿಯ ವಾಟಗ, ಕೊನೆಗೆ ಸಾರು, ಯಾಕೆಂದರೆ ಬಿಸಿ ಲೋಟ ಹಿಡಿದು ಯಾರೂ ಮತ್ತೆ ಸಾಲಿನಲ್ಲಿ ಮುಂದೆ ಸರಿಯಬಾರದು. ಮರಾಠಿ ಗೆಳೆಯರು "ಗವ್ಹಾಚೀ ಖೀರ್" ಎಂದು ಗುರುತು ಹಿಡಿದು ಎರಡನೆಯ ಸಲ ಹಾಕಿಸಿಕೊಂಡರು.

ಬೆಲ್ಲವೆಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರಿಗೆ ಸಲ್ಲುವುದಿಲ್ಲ, ಅದೂ ಸಕ್ಕರೆಯೇ. ಅಪ್ಪನಿಗೆ ಅರ್ಧ ವಾಟಗ ಹುಗ್ಗಿ, ಅದರ ಲೆಕ್ಕಕ್ಕೆ ಅನ್ನ ಬಿಡಿಸಿ ಕೋಸಂಬರಿ ಹೆಚ್ಚು ಎಂದು ಅವರ ಜೊತೆಯೇ ಮಾತಾಡಿಕೊಂಡಿದ್ದೆ. ಅವರು ಅರ್ಧ ವಾಟಗ ಮುಗಿಸಿ, ತಟ್ಟೆ ನೋಡುತ್ತಾ ಸುಮ್ಮನೆ ಕುಳಿತರು. ಅಷ್ಟರಲ್ಲಿ ಅವ್ವ ತಮ್ಮ ತಟ್ಟೆಯಲ್ಲಿದ್ದ ಎಡೆಯ ಹೋಳಿಗೆಯ ಕಾಲು ಭಾಗ ಮುರಿದು, ಖಾಲಿ ವಾಟಗದೊಳಗೆ ಹಾಕಿ, ಹುಡುಗನನ್ನು ಕರೆದು ಮುಳುಗುವಷ್ಟು ಬಿಸಿ ಹಾಲು ಹಾಕಿಸಿದರು. "ಐದು ನಿಮಿಷ ಬಿಡ್ರಿ, ಮೆತ್ತಗಾಗ್ತೈತಿ" ಎಂದರು. ನನಗೆ ಇದು ಹೊಳೆದೇ ಇರಲಿಲ್ಲ. ಅಪ್ಪ ಐದು ನಿಮಿಷ ಕಾಯಲಿಲ್ಲ, ಮೂರು ಕಾದಿರಬಹುದು. ಚಮಚದಿಂದಲೇ ಕತ್ತರಿಸಿ ತಿಂದು, ಉಳಿದ ಹಾಲನ್ನೂ ಕುಡಿದರು.

ಒಂದೂಕಾಲಿಗೆ ಅವರ ಊಟ ಮುಗಿದಿತ್ತು. ಸಂಜೆ ಎಲ್ಲ ಹೋದ ಮೇಲೆ ಪಾತ್ರೆಯಲ್ಲಿ ನಾಲ್ಕು ವಾಟಗದಷ್ಟು ಹುಗ್ಗಿ ಉಳಿದಿತ್ತು. ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತಿದ್ದಾಗ ಅಪ್ಪ ಕ್ಯಾಲೆಂಡರ್ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದರು. ಹತ್ತು ತಿಂಗಳ ಮುಂದಿನ ಹುಣ್ಣಿಮೆ ಯಾವ ವಾರ ಬರುತ್ತದೆಂದು ಮುಂದಿನ ವರ್ಷದ ಕ್ಯಾಲೆಂಡರ್ ಸಿಕ್ಕರೆ ತಂದುಕೊಡು ಎಂದರು. "ಅವತ್ತು ಬರೇ ನಾವಷ್ಟ ಇರೂಣು. ನಿಮ್ಮವ್ವ ನಾಕ ಹೋಳಿಗಿ ಮಾಡ್ಲಿ, ಹಾಲು ಜಾಸ್ತಿ ತರ್ಸು."