ಆಸೆಯೂ ಕಾಲವೂ

ಕನ್ನಡದಲ್ಲಿ ಆಸೆಯೆಂಬುದು ಒಂದೇ ಮಾತು. ನಾಳೆ ಮಳೆ ಬಂದೀತೆಂದು ಮುಗಿಲನ್ನು ನೋಡುವ ಒಕ್ಕಲಿಗನಿಗೂ ಆಸೆಯುಂಟು. ಹೋದ ಯೌವನವು ಮರಳಬಾರದೇ ಎಂದು ಹಂಬಲಿಸುವ ಮುದುಕನಿಗೂ ಆಸೆಯುಂಟು. ಮೊದಲನೆಯದು ಕೈಗೂಡಬಹುದು, ಎರಡನೆಯದು ಕೈಗೂಡಲಾರದು. ಈ ಭೇದವನ್ನು ಕನ್ನಡಿಗನು ಆಸೆಯೆಂಬ ಶಬ್ದದ ಮೇಲೆ ಹೊರಿಸದೆ, ಅದರ ಜೊತೆಗೆ ನಡೆಯುವ ಕ್ರಿಯಾಪದದ ಮೇಲೆ ಹೊರಿಸುತ್ತಾನೆ. ‘ಮಳೆ ಬರಲಿ’, ‘ಮಳೆ ಬಂದೀತು’ ಎಂದಾಗ ಫಲವಿನ್ನೂ ನಿಶ್ಚಯವಾಗಿಲ್ಲ. ‘ಮಳೆ ಬಂದಿದ್ದರೆ!’ ಎಂದಾಗ ಮಳೆ ಬರಲಿಲ್ಲವೆಂಬುದು ಕೇಳುವವನಿಗೆ ತಾನಾಗಿಯೇ ತಿಳಿಯುತ್ತದೆ.

ಇಂಗ್ಲಿಷಿನಲ್ಲಿ ಈ ಕೆಲಸವನ್ನು ಎರಡು ಕಡೆಗೆ ಹಂಚಿದ್ದಾರೆ. ಆಸೆಗೇ ಎರಡು ಕ್ರಿಯಾಪದಗಳಿವೆ: ಹೋಪ್ ಎಂಬುದೊಂದು, ವಿಷ್ ಎಂಬುದೊಂದು. ಅವುಗಳ ಮುಂದೆ ಬರುವ ವಾಕ್ಯದ ಕಾಲವೂ ಅವುಗಳಿಗೆ ತಕ್ಕಂತೆ ಬದಲಾಗುತ್ತದೆ. ನಿಘಂಟನ್ನು ತೆರೆದರೆ ಎರಡಕ್ಕೂ ಹೆಚ್ಚುಕಡಮೆ ಒಂದೇ ಬಗೆಯ ಅರ್ಥಗಳು ದೊರೆಯುತ್ತವೆ: ಆಶಿಸು, ಬಯಸು, ಹಾರೈಸು. ಇಂಗ್ಲಿಷನ್ನು ಚೆನ್ನಾಗಿ ಓದಿಕೊಂಡವರ ಕಾಗದಗಳಲ್ಲಿಯೂ ಈ ಎರಡು ಪದಗಳು ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲುವುದಕ್ಕೆ ಇದೇ ಮೊದಲನೆಯ ಕಾರಣ.

ಇವೆರಡರ ಅಂತರವು ಆಸೆಯ ಬಲದಲ್ಲಿಲ್ಲ, ಕಾಲದಲ್ಲಿಯೂ ಇಲ್ಲ. ಅದು ಆಡುವವನ ತಿಳಿವಳಿಕೆಯಲ್ಲಿದೆ. ಸಂಗತಿಯು ಏನಾಗಿದೆಯೆಂಬುದು ತನಗೆ ತಿಳಿಯದಿರುವಾಗ ಅವನು ಹೋಪ್ ಎನ್ನುತ್ತಾನೆ. ‘ಐ ಹೋಪ್ ಹಿ ಈಸ್ ವೆಲ್’: ಅವನು ಕ್ಷೇಮವಾಗಿರುವನೆಂದು ನಂಬಿದ್ದೇನೆ, ಹಾಗಿರಲಿ. ನಡೆದುಹೋದ ವಿಷಯಕ್ಕೂ ಇದು ಸಲ್ಲುತ್ತದೆ. ‘ಐ ಹೋಪ್ ದಿ ಲೆಟರ್ ರೀಚ್ಡ್ ಯು’ ಎಂಬಲ್ಲಿ ಕಾಗದವು ತಲಪಿದೆಯೋ ಇಲ್ಲವೋ ಈಗಾಗಲೇ ನಿಶ್ಚಯವಾಗಿಹೋಗಿದೆ. ಆದರೆ ಬರೆದವನಿಗೆ ಅದು ಗೊತ್ತಿಲ್ಲ. ಆದಕಾರಣ ಹೋಪ್ ಎಂಬುದರ ಮುಂದೆ ಕ್ರಿಯಾಪದವು ತನ್ನ ಸಹಜವಾದ ಕಾಲದಲ್ಲಿಯೇ ಇರುತ್ತದೆ: ಈಗಿನದಕ್ಕೆ ವರ್ತಮಾನ, ಹಿಂದಿನದಕ್ಕೆ ಭೂತ, ಮುಂದಿನದಕ್ಕೆ ಭವಿಷ್ಯತ್ತು ಇಲ್ಲವೆ ವರ್ತಮಾನ.

ಸಂಗತಿಯು ತನ್ನ ಇಷ್ಟಕ್ಕೆ ವಿರುದ್ಧವಾಗಿದೆಯೆಂದು ತಿಳಿದಿರುವಾಗ ಅವನು ವಿಷ್ ಎನ್ನುತ್ತಾನೆ. ಆಗ ಕ್ರಿಯಾಪದವು ತನ್ನ ಕಾಲದಿಂದ ಒಂದು ಮೆಟ್ಟಲು ಹಿಂದಕ್ಕೆ ಸರಿಯುತ್ತದೆ. ಈಗಿನ ಕೊರತೆಗೆ ಸಾಮಾನ್ಯ ಭೂತಕಾಲ. ಆಗಿಹೋದುದರ ಪಶ್ಚಾತ್ತಾಪಕ್ಕೆ ಹ್ಯಾಡ್ ಸೇರಿದ ಪೂರ್ಣಭೂತಕಾಲ. ಡೆನ್ಮಾರ್ಕಿನ ವೈಯಾಕರಣನಾದ ಆಟೋ ಯೆಸ್ಪರ್ಸನ್ನನು (1860–1943) ಇಂತಹ ಭೂತಕಾಲವನ್ನು ಕಲ್ಪನೆಗೆ ಸಂಬಂಧಿಸಿದ ಪ್ರಯೋಗವೆಂದು ವಿವರಿಸಿದನು. ರೂಪವು ಭೂತಕಾಲದ್ದಾದರೂ ಅದು ಸೂಚಿಸುವುದು ಹಿಂದಿನ ದಿನವನ್ನಲ್ಲ, ವಾಸ್ತವದಿಂದ ಇರುವ ದೂರವನ್ನು.

ಕನ್ನಡಿಗನಿಗೆ ಇದು ಅಪರಿಚಿತವಾದ ದಾರಿಯೇನೂ ಅಲ್ಲ. ‘ಹಣವಿದ್ದರೆ ಕೊಡುತ್ತೇನೆ’ ಎಂಬುವನ ಕೈಯಲ್ಲಿ ಹಣವಿರಬಹುದು. ‘ಹಣವಿದ್ದಿದ್ದರೆ ಕೊಡುತ್ತಿದ್ದೆ’ ಎಂಬುವನ ಕೈ ಬರಿದು. ಎರಡನೆಯ ವಾಕ್ಯದಲ್ಲಿ ನಮ್ಮ ನುಡಿಯೂ ಹಿಂದಕ್ಕೆ ಸರಿಯಿತು. ಆದರೆ ಮುಂದೆ ಒಂದು ವ್ಯತ್ಯಾಸವುಂಟು. ‘ರೆಕ್ಕೆಯಿದ್ದಿದ್ದರೆ ಈಗಲೇ ಹಾರಿ ಬರುತ್ತಿದ್ದೆ’ ಎನ್ನುವಾಗಲೂ ‘ಹೋದ ವರ್ಷ ಹಣವಿದ್ದಿದ್ದರೆ ಆ ಹೊಲವನ್ನು ಕೊಳ್ಳುತ್ತಿದ್ದೆ’ ಎನ್ನುವಾಗಲೂ ‘ಇದ್ದಿದ್ದರೆ’ ಎಂಬ ಒಂದೇ ರೂಪವು ಸಾಕಾಗುತ್ತದೆ. ಇಂದಿನ ಕೊರತೆ ಯಾವುದು, ಹಿಂದಿನ ಕೊರತೆ ಯಾವುದು ಎಂಬುದನ್ನು ‘ಈಗಲೇ’, ‘ಹೋದ ವರ್ಷ’ ಎಂಬ ಮಾತುಗಳು ತಿಳಿಸುತ್ತವೆ. ಇಂಗ್ಲಿಷಾದರೋ ಈ ಎರಡನ್ನೂ ಕ್ರಿಯಾಪದದಲ್ಲಿಯೇ ಬೇರ್ಪಡಿಸಬೇಕೆನ್ನುತ್ತದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವನು ಎಡವುವುದು ಇಲ್ಲಿಯೇ.

ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ತನಗೆ ಓದು ಕಲಿಸಿದ ಮೇಷ್ಟರು ತೀರಿಕೊಂಡರೆಂಬ ವರ್ತಮಾನವು ದೂರದ ನಗರದಲ್ಲಿರುವ ಒಬ್ಬ ತರುಣನಿಗೆ ಮುಟ್ಟುತ್ತದೆ. ಅವರ ಮಗಳು ಉತ್ತರದೇಶದಲ್ಲಿ ಬೆಳೆದವಳು, ಕನ್ನಡದ ಓದು ಬಾರದು. ಆದುದರಿಂದ ಅವನು ಸಂತಾಪದ ಕಾಗದವನ್ನು ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಅದರಲ್ಲಿ ನಾಲ್ಕು ವಾಕ್ಯಗಳಿವೆಯೆನ್ನೋಣ. ನಾಲ್ಕೂ ಮನಸ್ಸಿನಾಳದಿಂದ ಬಂದವು. ನಾಲ್ಕರಲ್ಲಿಯೂ ಕಾಲ ಕೆಟ್ಟಿದೆ.

ಮೊದಲನೆಯದು, ‘ಐ ವಿಷ್ ಹಿಸ್ ಸೋಲ್ ರೆಸ್ಟ್ಸ್ ಇನ್ ಪೀಸ್’. ಅವರ ಆತ್ಮಕ್ಕೆ ಶಾಂತಿ ದೊರೆಯಲಿ ಎಂಬುದು ಅವನ ಉದ್ದೇಶ. ದೊರೆಯಲಾರದೆಂದು ಅವನು ಬಲ್ಲನೇ? ಇಲ್ಲ. ಹಾಗಾದರೆ ಇಲ್ಲಿ ವಿಷ್ ಎಂಬುದಕ್ಕೆ ಎಡೆಯಿಲ್ಲ. ‘ಮೇ ಹಿಸ್ ಸೋಲ್ ರೆಸ್ಟ್ ಇನ್ ಪೀಸ್’ ಎಂಬುದು ನಮ್ಮ ‘ದೊರೆಯಲಿ’ ಎಂಬುದಕ್ಕೆ ಸರಿಸಾಟಿ. ವಿಷ್ ಎಂದ ಮೇಲೆ ವರ್ತಮಾನಕಾಲದ ಕ್ರಿಯಾಪದವು ಕಂಡುಬಂದರೆ, ಆ ವಾಕ್ಯದಲ್ಲಿ ಹೋಪ್ ಇರಬೇಕಾಗಿತ್ತೋ ಅಥವಾ ಕ್ರಿಯಾಪದವು ಹಿಂದೆ ಸರಿಯಬೇಕಾಗಿತ್ತೋ ಎಂದು ಒಡನೆಯೇ ನೋಡತಕ್ಕದ್ದು.

ಎರಡನೆಯದು, ‘ಐ ವಿಷ್ ಐ ನ್ಯೂ ಅಬೌಟ್ ಹಿಸ್ ಇಲ್‌ನೆಸ್ ಅರ್ಲಿಯರ್’. ಅವರ ಕಾಯಿಲೆಯ ವಿಷಯ ಮೊದಲೇ ತಿಳಿದಿದ್ದರೆ ಎಂಬ ಹಳಹಳಿಕೆ. ಇದನ್ನು ಪರೀಕ್ಷಿಸಲು ಸುಲಭವಾದ ಕ್ರಮವಿದೆ. ಮೊದಲು ನಿಜಸಂಗತಿಯನ್ನು ಹಾಗೆಯೇ ಹೇಳಬೇಕು: ‘ಐ ಡಿಡ್ ನಾಟ್ ನೋ’, ನನಗೆ ತಿಳಿದಿರಲಿಲ್ಲ. ಬಳಿಕ ನಿಷೇಧವನ್ನು ವಿಧಿಯಾಗಿ ತಿರುಗಿಸಬೇಕು. ಕಡೆಯಲ್ಲಿ ಕಾಲವನ್ನು ಒಂದು ಮೆಟ್ಟಲು ಹಿಂದಕ್ಕೆ ಸರಿಸಬೇಕು. ನಿಜಸಂಗತಿಯೇ ಭೂತಕಾಲದ್ದಾದುದರಿಂದ ಒಂದು ಮೆಟ್ಟಲು ಸರಿದರೆ ಸಿಕ್ಕುವುದು ‘ಐ ವಿಷ್ ಐ ಹ್ಯಾಡ್ ನೋನ್’. ನಿಜಸಂಗತಿಯು ‘ಐ ಡು ನಾಟ್ ನೋ’, ಈಗ ನನಗೆ ತಿಳಿದಿಲ್ಲ, ಎಂದಾಗಿದ್ದರೆ ಮಾತ್ರ ನ್ಯೂ ಎಂಬುದು ಸರಿಯಾಗುತ್ತಿತ್ತು.

ಮೂರನೆಯದು, ‘ಇಫ್ ಓನ್ಲಿ ಐ ವುಡ್ ಹ್ಯಾವ್ ಕಮ್ ಇನ್ ಜೂನ್’. ಜೂನ್ ತಿಂಗಳಿನಲ್ಲಿ ತಾನು ಬಂದಿದ್ದರೆ ಎಂಬುದು ಭಾವ. ಇಫ್ ಓನ್ಲಿ ಎಂಬುದು ವಿಷ್ ಎಂಬುದರ ಅಣ್ಣನಿದ್ದಂತೆ: ನಿಯಮಗಳೆಲ್ಲ ಬಹುಮಟ್ಟಿಗೆ ಅವೇ, ದನಿ ಮಾತ್ರ ಗಟ್ಟಿ. ‘ಅಯ್ಯೋ, ಒಂದು ಮಾತು ಹೇಳಿದ್ದರೆ!’ ಎಂದು ಕನ್ನಡವು ಅರ್ಧದಲ್ಲಿಯೇ ನಿಲ್ಲಿಸಿ ಮಿಕ್ಕುದನ್ನು ನಿಟ್ಟುಸಿರಿಗೆ ಬಿಡುವಂತೆ ಇಂಗ್ಲಿಷೂ ಇಲ್ಲಿ ಉತ್ತರಾರ್ಧವನ್ನು ಬಿಟ್ಟುಬಿಡುತ್ತದೆ. ವುಡ್ ಹ್ಯಾವ್ ಎಂಬುದು ಆ ಬಿಟ್ಟುಹೋದ ಉತ್ತರಾರ್ಧಕ್ಕೆ ಸೇರಿದ ಸೊತ್ತು. ‘ಬಂದಿದ್ದರೆ ಅವರನ್ನು ನೋಡುತ್ತಿದ್ದೆ’ ಎಂಬಲ್ಲಿ ‘ನೋಡುತ್ತಿದ್ದೆ’ ಎಂಬುದಕ್ಕೆ ವುಡ್ ಹ್ಯಾವ್ ಸಲ್ಲುತ್ತದೆ. ‘ಬಂದಿದ್ದರೆ’ ಎಂಬುದಕ್ಕೆ ಹ್ಯಾಡ್ ಕಮ್ ಸಾಕು. ಅಮೆರಿಕದವರ ಆಡುಮಾತಿನಲ್ಲಿ ಈ ಬೆರಕೆಯು ಕೇಳಿಬರುವುದುಂಟು. ಬರವಣಿಗೆಯಲ್ಲಿ ಅದನ್ನು ತಪ್ಪೆಂದೇ ಎಣಿಸುತ್ತಾರೆ. ಇಫ್ ಓನ್ಲಿ ಎಂಬುದನ್ನು ತಿರುಗಿಸಿ ಓನ್ಲಿ ಇಫ್ ಎಂದು ಬರೆದರೆ ಹಂಬಲವು ಹೋಗಿ ಷರತ್ತು ಬಂದುಬಿಡುತ್ತದೆ: ‘ಹೀಗಾದರೆ ಮಾತ್ರ’ ಎಂಬುದು ಅದರ ಅರ್ಥ.

ನಾಲ್ಕನೆಯದು ಎಲ್ಲಕ್ಕಿಂತಲೂ ಸೂಕ್ಷ್ಮವಾದುದು. ‘ಐ ವಿಷ್ ಐ ನ್ಯೂ ಹಿಮ್ ಬೆಟರ್’. ಅವರನ್ನು ಇನ್ನೂ ಚೆನ್ನಾಗಿ ಬಲ್ಲವನಾಗಿದ್ದರೆ ಎಂದು ತರುಣನು ಬರೆದನು. ವ್ಯಾಕರಣದ ಕಣ್ಣಿಗೆ ಈ ವಾಕ್ಯದಲ್ಲಿ ಯಾವ ದೋಷವೂ ಇಲ್ಲ. ಅಚ್ಚಿಗೆ ಕೊಟ್ಟರೂ ತಿದ್ದುವವರು ಯಾರೂ ಇಲ್ಲ. ಆದರೆ ಅದು ಬದುಕಿರುವವರನ್ನು ಕುರಿತು ಆಡತಕ್ಕ ಮಾತು. ಸಾಮಾನ್ಯ ಭೂತಕಾಲವು ಇಲ್ಲಿ ಇಂದಿನ ಕೊರತೆಯನ್ನು ಹೇಳುವುದರಿಂದ, ಆ ಮನುಷ್ಯನು ಇಂದೂ ಇದ್ದಾನೆ, ಇಂದಿನ ಪರಿಚಯವು ಸಾಲದು ಎಂಬ ಅರ್ಥ ಬರುತ್ತದೆ. ತೀರಿಕೊಂಡವರನ್ನು ಕುರಿತಾದರೆ ‘ಐ ವಿಷ್ ಐ ಹ್ಯಾಡ್ ನೋನ್ ಹಿಮ್ ಬೆಟರ್’ ಎನ್ನಬೇಕು. ಅದರಲ್ಲಿ ಪರಿಚಯದ ಅವಧಿಯು ಮುಗಿದಿದೆ. ಹ್ಯಾಡ್ ಎಂಬ ಒಂದು ಪುಟ್ಟ ಪದವು, ಹೋದವರು ಹೋದರೆಂಬುದನ್ನು ಬರೆದವನು ಒಪ್ಪಿಕೊಂಡಿರುವನೆಂದು ತಿಳಿಸುತ್ತದೆ. ಇಂಗ್ಲಿಷೇ ಮಾತೃಭಾಷೆಯೋ ಎಂಬಂತೆ ಬೆಳೆದ ಆ ಮಗಳು ಮೊದಲನೆಯ ರೂಪವನ್ನು ಓದಿದರೆ, ತಂದೆ ಇನ್ನೂ ಇದ್ದಾರೆಂಬಂತೆ ಕ್ಷಣಕಾಲ ಬೆಚ್ಚಬಹುದು. ಕನ್ನಡದಲ್ಲಿ ಇಂತಹ ಪ್ರಮಾದಕ್ಕೆ ಅವಕಾಶವೇ ಕಡಮೆ. ‘ಬಲ್ಲವನಾಗಿದ್ದಿದ್ದರೆ’ ಎಂಬ ರೂಪವು ಇದ್ದವರಿಗೂ ಇಲ್ಲದವರಿಗೂ ಸಮನಾಗಿ ನಡೆಯುತ್ತದೆ.

ಅದೇ ಕಾಗದವು ಒಂದು ತಿಂಗಳು ಮೊದಲು, ಮೇಷ್ಟರು ಹಾಸಿಗೆ ಹಿಡಿದಿದ್ದಾಗ, ಹೊರಟಿದ್ದರೆ ಅದರ ಮಾತುಗಳೇ ಬೇರೆ. ಆಗ ‘ಐ ಹೋಪ್ ಯು ಗೆಟ್ ವೆಲ್ ಸೂನ್’ ಎಂದು ಬರೆಯಬೇಕಾಗಿತ್ತು. ‘ಐ ವಿಷ್ ಯು ಗೆಟ್ ವೆಲ್ ಸೂನ್’ ಎಂಬುದು ಸಲ್ಲದು. ಇದಕ್ಕೆ ಅನೇಕರು ಆಕ್ಷೇಪಿಸಿ, ಹೊಸ ವರುಷದಲ್ಲಿ ‘ಐ ವಿಷ್ ಯು ಎ ಹ್ಯಾಪಿ ನ್ಯೂ ಇಯರ್’ ಎಂದು ಎಲ್ಲರೂ ಹಾರೈಸುವುದಿಲ್ಲವೇ ಎನ್ನಬಹುದು. ಹಾರೈಸುವುದು ನಿಜ. ಅಲ್ಲಿ ವಿಷ್ ಎಂಬುದರ ಮುಂದೆ ಬಂದಿರುವುದು ಕ್ರಿಯಾಪದವಲ್ಲ, ನಾಮಪದ. ಒಬ್ಬರಿಗೆ ಒಂದು ವಸ್ತುವನ್ನು ಕೊಟ್ಟಂತೆ ಶುಭವನ್ನು ಕೊಡುವ ರಚನೆಯದು. ‘ಐ ವಿಷ್ ಯು ಎ ಸ್ಪೀಡಿ ರಿಕವರಿ’, ಶೀಘ್ರವಾಗಿ ಗುಣವಾಗಲಿ, ಎಂಬುದೂ ಆ ಜಾತಿಗೇ ಸೇರಿ ಶುದ್ಧವಾಗಿದೆ. ನಾಮಪದವು ಬಂದರೆ ಹಾರೈಕೆ. ಕ್ರಿಯಾಪದವುಳ್ಳ ವಾಕ್ಯವು ಬಂದರೆ ಇಲ್ಲದುದರ ಹಂಬಲ.

ಇನ್ನೊಂದು ರೂಪವು ಉಳಿದಿದೆ. ಮತ್ತೊಬ್ಬರು ತಮ್ಮ ನಡತೆಯನ್ನು ಬದಲಿಸಲೆಂದು ಬಯಸುವಾಗ ವಿಷ್ ಎಂಬುದರೊಡನೆ ವುಡ್ ಬರುತ್ತದೆ. ‘ಐ ವಿಷ್ ಯು ವುಡ್ ರೈಟ್’ ಎಂದರೆ, ನೀನು ಕಾಗದ ಬರೆಯಬಾರದೇ ಎಂದು ಅರ್ಥ. ಇದರಲ್ಲಿ ಬರೆಯುವುದು ನಿನ್ನ ಕೈಯಲ್ಲಿದೆ, ನೀನು ಬರೆಯುತ್ತಿಲ್ಲ ಎಂಬ ಆಕ್ಷೇಪಣೆಯೂ ಅಡಗಿದೆ. ಗೆಳೆಯನಿಗೆ ಇದು ಸಲಿಗೆ; ಹಿರಿಯರಿಗೆ ಬರೆದರೆ ಗದರಿಕೆಯಾದೀತು. ತನ್ನ ವಿಷಯದಲ್ಲಿ ಇದು ನಡೆಯದು. ತನ್ನ ಇಚ್ಛೆಯನ್ನು ತಾನೇ ಬೇಡಿಕೊಳ್ಳುವುದು ವಿಚಿತ್ರವಷ್ಟೆ. ಅಲ್ಲಿ ‘ಐ ವಿಷ್ ಐ ಕುಡ್’, ನನ್ನಿಂದಾಗುವಂತಿದ್ದರೆ, ಎಂಬುದೇ ರೂಢಿ.

ಹೀಗೆ ಹೋಪ್ ಬರೆಯುವುದೋ ವಿಷ್ ಬರೆಯುವುದೋ ಎಂಬ ಸಂದೇಹ ಬಂದಾಗ ಕೇಳಿಕೊಳ್ಳಬೇಕಾದುದು ‘ನಾನು ಎಷ್ಟು ಬಯಸುತ್ತೇನೆ’ ಎಂಬುದನ್ನಲ್ಲ, ‘ನಾನು ಏನನ್ನು ಬಲ್ಲೆ’ ಎಂಬುದನ್ನು. ರೋಗಿಯ ಮನೆಯವರು ಇನ್ನೂ ಔಷಧಿಯನ್ನು ನಂಬಿರುವಾಗ ‘ಐ ವಿಷ್ ಹಿ ವುಡ್ ರಿಕವರ್’ ಎಂದು ಬರೆದರೆ, ಗುಣವಾಗುವ ಸೂಚನೆಯಿಲ್ಲವೆಂದು ಬರೆದವನೇ ತೀರ್ಮಾನಿಸಿದಂತೆ ಓದುವವರಿಗೆ ತೋರಬಹುದು. ಅಂತಹ ಮನೆಗೆ ಹೋಗುವ ಕಾಗದದಲ್ಲಿ ಹೋಪ್ ಎಂಬ ಪದವೇ ಇರತಕ್ಕದ್ದು.